ಕರೆಂಟ್ ಬಿಲ್‌ನಲ್ಲಿ ಉಳಿಯುವುದೆಷ್ಟು? ತಾರಸಿ ಸೋಲಾರ್‌ನ ನಿಜವಾದ ಲೆಕ್ಕ

ತಾರಸಿಯ ಮೇಲೆ ಸೋಲಾರ್ ಹಾಕಿಸೋಣವೇ ಎಂದು ವಿಚಾರಿಸಲು ಹೋದರೆ ಅಂಗಡಿಯವರು ಮೊದಲು ಕೇಳುವುದು, ‘ತಿಂಗಳಿಗೆ ಬಿಲ್ ಎಷ್ಟು ಬರುತ್ತೆ ಸಾರ್?’ ಎಂದು. ಎರಡು ಸಾವಿರದ ನಾನೂರು ಎಂದಿರಿ. ಅದನ್ನು ಹನ್ನೆರಡರಿಂದ ಗುಣಿಸಿ, ವರ್ಷಕ್ಕೆ 29 ಸಾವಿರ ಉಳಿತಾಯ ಎನ್ನುತ್ತಾರೆ. ಸಬ್ಸಿಡಿ ಕಳೆದು ನೀವು ಕೊಡುವುದು 1 ಲಕ್ಷ 17 ಸಾವಿರ. ನಾಲ್ಕೇ ವರ್ಷಕ್ಕೆ ಹಾಕಿದ ದುಡ್ಡು ವಾಪಸ್. ಆಮೇಲೆ ಇಪ್ಪತ್ತು ವರ್ಷ ಕರೆಂಟ್ ಪುಕ್ಕಟೆ. ಕೇಳಲು ಸೊಗಸಾಗಿದೆ. ಗುಣಾಕಾರ, ಭಾಗಾಕಾರದಲ್ಲೂ ತಪ್ಪಿಲ್ಲ. ತಪ್ಪಿರುವುದು ಲೆಕ್ಕದ ಬುಡದಲ್ಲಿ. ಬಿಲ್‌ನಲ್ಲಿ ಬರೆದಿರುವ ಮೊತ್ತವೆಲ್ಲ ಸೋಲಾರ್‌ನಿಂದ ಉಳಿಯುವ ಹಣ ಎಂದು ಅದು ನಂಬಿಕೊಂಡಿದೆ.

ಬಿಲ್‌ನಲ್ಲಿ ಎರಡು ಜಾತಿಯ ಹಣವಿದೆ. ಒಂದು, ನಾವು ಬಳಸಿದ ಯೂನಿಟ್‌ಗಳ ಜೊತೆ ಏರುವ, ಇಳಿಯುವ ಹಣ. ಇನ್ನೊಂದು, ಮನೆಗೆ ಬೀಗ ಹಾಕಿಕೊಂಡು ಊರಿಗೆ ಹೋದರೂ ಬರುವ ಹಣ. ಸೋಲಾರ್ ಮುಟ್ಟುವುದು ಮೊದಲನೆಯದನ್ನು ಮಾತ್ರ. ಇವೆರಡನ್ನು ಬೇರ್ಪಡಿಸಿ ನೋಡಲು ಬಂದರೆ ಮುಂದಿನ ತಿಂಗಳ ಬಿಲ್ಲನ್ನೂ ಊಹಿಸಬಹುದು, ಸೋಲಾರ್‌ಗೆ ಹಾಕಿದ ದುಡ್ಡು ಯಾವಾಗ ಹಿಂದಿರುಗುತ್ತದೆ ಎಂಬುದನ್ನೂ ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು.

ಬಿಲ್‌ ಬಿಡಿಸಿ ನೋಡಿದರೆ

ತುಮಕೂರಿನಲ್ಲಿ ಒಂದು ಮನೆ ಇದೆ ಎಂದಿಟ್ಟುಕೊಳ್ಳೋಣ. ಬೆಸ್ಕಾಂ ಸಂಪರ್ಕ, ಮಂಜೂರಾದ ಲೋಡ್ 3 ಕಿಲೋವಾಟ್. ಫ್ರಿಜ್, ಗೀಸರ್, ವಾಷಿಂಗ್ ಮೆಷಿನ್, ನೀರಿನ ಮೋಟಾರ್ ಎಲ್ಲ ಸೇರಿ ತಿಂಗಳಿಗೆ ಸರಾಸರಿ 300 ಯೂನಿಟ್ ಬಳಕೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2025-26ಕ್ಕೆ ಗೊತ್ತುಪಡಿಸಿದ ದರದಲ್ಲಿ ಈ ಮನೆಯ ಬಿಲ್ ಹೀಗೆ ಬರುತ್ತದೆ.

ಮೊದಲನೆಯದು ನಿಗದಿತ ಶುಲ್ಕ. ಮಂಜೂರಾದ ಲೋಡ್‌ನ ಪ್ರತಿ ಕಿಲೋವಾಟ್‌ಗೆ 145 ರೂಪಾಯಿಯಂತೆ 435 ರೂಪಾಯಿ. ಇದಕ್ಕೂ ನೀವು ಎಷ್ಟು ಕರೆಂಟ್ ಸುಟ್ಟಿರಿ ಎಂಬುದಕ್ಕೂ ಸಂಬಂಧವಿಲ್ಲ. ತಂತಿ, ಕಂಬ, ಟ್ರಾನ್ಸ್‌ಫಾರ್ಮರ್‌ಗಳನ್ನು ನಿಮ್ಮ ಮನೆಗಾಗಿ ಸಜ್ಜಾಗಿ ಇಟ್ಟಿರುವುದಕ್ಕೆ ಕೊಡುವ ಹಣ ಇದು.

ಎರಡನೆಯದು ಬಳಕೆಯ ಶುಲ್ಕ. ಯೂನಿಟ್‌ಗೆ 5 ರೂಪಾಯಿ 80 ಪೈಸೆಯಂತೆ 300 ಯೂನಿಟ್‌ಗೆ 1,740 ರೂಪಾಯಿ. ಮೂರನೆಯದು ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ 2025ರ ಏಪ್ರಿಲ್‌ನಿಂದ ಸೇರಿಕೊಂಡ ಮೇಲ್ತೆರಿಗೆ. ಯೂನಿಟ್‌ಗೆ 36 ಪೈಸೆಯಂತೆ 108 ರೂಪಾಯಿ. ನಾಲ್ಕನೆಯದು ಬಳಕೆಯ ಶುಲ್ಕದ ಮೇಲೆ ಶೇ. 9ರ ವಿದ್ಯುತ್ ತೆರಿಗೆ. ಅದು 156 ರೂಪಾಯಿ 60 ಪೈಸೆ. ಒಟ್ಟು 2,439 ರೂಪಾಯಿ 60 ಪೈಸೆ.

ಇವಲ್ಲದೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂಬ ಇನ್ನೊಂದು ಸಾಲು ಬಿಲ್‌ನಲ್ಲಿರುತ್ತದೆ. ವಿದ್ಯುತ್ ಕೊಳ್ಳಲು ಕಂಪನಿಗೆ ಅಂದಾಜಿಗಿಂತ ಹೆಚ್ಚು ಖರ್ಚಾದರೆ ಯೂನಿಟ್‌ಗೆ ಇಷ್ಟು ಪೈಸೆ ಎಂದು ಕೂಡುತ್ತದೆ, ಕಡಿಮೆಯಾದರೆ ಕಳೆಯುತ್ತದೆ. ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ನಮ್ಮ ಲೆಕ್ಕದಲ್ಲಿ ಅದನ್ನು ಸೊನ್ನೆ ಎಂದು ಹಿಡಿಯುತ್ತೇನೆ. ನಿಮ್ಮ ಬಿಲ್‌ನಲ್ಲಿ ಕಾಣುವ ಪೈಸೆಯನ್ನು ನೀವು ಸೇರಿಸಿಕೊಳ್ಳಬಹುದು.

ಈಗ 2,440 ರೂಪಾಯಿಯನ್ನು 300ರಿಂದ ಭಾಗಿಸಿದರೆ ಯೂನಿಟ್‌ಗೆ 8 ರೂಪಾಯಿ 13 ಪೈಸೆ ಬರುತ್ತದೆ. ‘ಯೂನಿಟ್‌ಗೆ ಎಂಟು ರೂಪಾಯಿ ಕೊಡ್ತಾ ಇದ್ದೀವಿ’ ಎಂದು ಬಹಳಷ್ಟು ಜನ ಹೇಳುವುದು ಹೀಗೆ ಭಾಗಿಸಿಯೇ. ಆದರೆ ಈ ಮನೆಯವರು ಒಂದು ಯೂನಿಟ್ ಕಡಿಮೆ ಬಳಸಿದರೆ ಉಳಿಯುವುದು ಎಂಟು ರೂಪಾಯಿಯಲ್ಲ. 5.80 ಬಳಕೆಯ ಶುಲ್ಕ, ಅದರ ಮೇಲಿನ ತೆರಿಗೆ ಸುಮಾರು 52 ಪೈಸೆ, ಪಿಂಚಣಿ ಮೇಲ್ತೆರಿಗೆ 36 ಪೈಸೆ, ಒಟ್ಟು 6 ರೂಪಾಯಿ 68 ಪೈಸೆ ಮಾತ್ರ. 435 ರೂಪಾಯಿ ಇದ್ದಲ್ಲೇ ಇರುತ್ತದೆ. ಸೋಲಾರ್‌ನ ಲೆಕ್ಕಕ್ಕೆ ಬೇಕಾದ ಅಂಕಿ 8.13 ಅಲ್ಲ, 6.68.

ಈ ಅಂದಾಜನ್ನು ಮೊಬೈಲ್‌ನಲ್ಲಿರುವ ಯಾವುದೇ ಸ್ಪ್ರೆಡ್‌ಶೀಟ್‌ನಲ್ಲಿ ಒಂದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳಬಹುದು. `B1`ರಲ್ಲಿ ಮಂಜೂರಾದ ಲೋಡ್, `B2`ರಲ್ಲಿ ಯೂನಿಟ್, `B3`ರಲ್ಲಿ ಕಿಲೋವಾಟ್‌ನ ನಿಗದಿತ ಶುಲ್ಕ, `B4`ರಲ್ಲಿ ಯೂನಿಟ್ ದರ, `B5`ರಲ್ಲಿ ಪಿಂಚಣಿ ಮೇಲ್ತೆರಿಗೆ, `B6`ರಲ್ಲಿ ಖರೀದಿ ವೆಚ್ಚದ ಹೊಂದಾಣಿಕೆ, `B7`ರಲ್ಲಿ ತೆರಿಗೆ ಶೇ. 9 ಎಂದು ತುಂಬಿಸಿ, ಬೇರೊಂದು ಮನೆಯಲ್ಲಿ ಈ ಸೂತ್ರ ಹಾಕಿ:

```
=B1*B3 + B2*(B4*(1+B7) + B5 + B6)
```

ಹೊಸ ದರ ಬಂದಾಗ ಆಯಾ ಅಂಕಿಯನ್ನು ತಿದ್ದಿದರೆ ಸಾಕು. ಇದು ಸರಿಯಾಗಿದೆಯೇ ಎಂದು ತಿಳಿಯಲು ಹಳೆಯ ಎರಡು ಮೂರು ಬಿಲ್‌ಗಳ ಯೂನಿಟ್ ಹಾಕಿ ನೋಡಿ. ಐದು ಹತ್ತು ರೂಪಾಯಿ ಆಚೀಚೆ ಬಂದರೆ ಲೆಕ್ಕ ಸರಿ. ನೂರಾರು ರೂಪಾಯಿ ವ್ಯತ್ಯಾಸ ಬಂದರೆ ಬಿಲ್‌ನಲ್ಲಿ ಹಳೆಯ ಬಾಕಿ, ಬಡ್ಡಿ, ಅಥವಾ ಹೆಚ್ಚುವರಿ ಠೇವಣಿಯ ಸಾಲು ಇದೆಯೇ ನೋಡಬೇಕು. ಅವು ಆ ತಿಂಗಳ ಬಳಕೆಗೆ ಸೇರಿದ ಹಣವಲ್ಲ.

ಸ್ಲ್ಯಾಬ್ ಬದಲಾದರೆ ಯೂನಿಟ್‌ನ ಬೆಲೆಯೇ ಬದಲು

ಕರ್ನಾಟಕದಲ್ಲಿ ಈಗ ಮನೆ ಬಳಕೆಗೆ ಒಂದೇ ದರ. ಆದರೆ ಕೆಲವೇ ವರ್ಷಗಳ ಹಿಂದೆ ಹಾಗಿರಲಿಲ್ಲ. ಬಂಧುಗಳೋ ಪಕ್ಕದ ಮನೆಯವರೋ ಹೇಳುವ ‘ನಮಗೆ ಮೂರೇ ವರ್ಷಕ್ಕೆ ದುಡ್ಡು ಬಂತು’ ಎಂಬ ಮಾತು ಎಷ್ಟೋ ಸಲ ಆ ಹಳೆಯ ದರಗಳ ಕಾಲದ್ದು. ಅದಕ್ಕೇ ಸ್ಲ್ಯಾಬ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಿರುವುದು ಒಳ್ಳೆಯದು.

2022-23ರಲ್ಲಿ ಬೆಸ್ಕಾಂನ ನಗರ ಪ್ರದೇಶಗಳಲ್ಲಿ ನಾಲ್ಕು ಮೆಟ್ಟಿಲುಗಳಿದ್ದವು. ಮೊದಲ 50 ಯೂನಿಟ್‌ಗೆ 4.15 ರೂಪಾಯಿ, ಮುಂದಿನ 50ಕ್ಕೆ 5.60, ಅದರ ಮುಂದಿನ 100ಕ್ಕೆ 7.15, ಇನ್ನೂರು ದಾಟಿದ ಮೇಲೆ 8.20. ಇನ್ನೂರು ದಾಟಿದವರು ಎಲ್ಲ ಯೂನಿಟ್‌ಗೂ 8.20 ಕೊಡಬೇಕಿರಲಿಲ್ಲ, ದಾಟಿದ ಯೂನಿಟ್‌ಗಳಿಗೆ ಮಾತ್ರ. 250 ಯೂನಿಟ್ ಬಳಸಿದ ಮನೆಗೆ ಬಳಕೆಯ ಶುಲ್ಕ 207.50, 280, 715 ಮತ್ತು 410 ಸೇರಿ 1,612 ರೂಪಾಯಿ 50 ಪೈಸೆ. ಈ ಬಗೆಯ ಮೆಟ್ಟಿಲು ದರದ ಸೂತ್ರ ಹೀಗಿರುತ್ತದೆ:

```
=MIN(B2,50)*4.15 + MAX(0,MIN(B2,100)-50)*5.60
 + MAX(0,MIN(B2,200)-100)*7.15 + MAX(0,B2-200)*8.20
```

2023ರ ಮೇ 12ರ ಆದೇಶದಲ್ಲಿ ಮೆಟ್ಟಿಲು ಎರಡಕ್ಕೆ ಇಳಿಯಿತು. ನೂರು ಯೂನಿಟ್‌ವರೆಗೆ 4.75, ನೂರು ದಾಟಿದರೆ ಮೊದಲ ಯೂನಿಟ್‌ನಿಂದಲೇ 7 ರೂಪಾಯಿ. ಇದರ ಪರಿಣಾಮ ನೋಡಿ. ನೂರು ಯೂನಿಟ್ ಬಳಸಿದವರಿಗೆ 475 ರೂಪಾಯಿ, ನೂರಾ ಒಂದು ಬಳಸಿದವರಿಗೆ 707 ರೂಪಾಯಿ. ಆ ಒಂದು ಯೂನಿಟ್‌ನ ಬೆಲೆ 232 ರೂಪಾಯಿ! ಇಂಥ ದರ ಇರುವಲ್ಲಿ ಗಡಿಯ ಹತ್ತಿರದ ಮನೆಗಳಿಗೆ ಮೀಟರ್ ರೀಡರ್ ಎರಡು ದಿನ ತಡವಾಗಿ ಬಂದರೂ ಬಿಲ್ ಏರುಪೇರಾಗುತ್ತದೆ. ಮೂವತ್ತು ದಿನದ ಬದಲು ಮೂವತ್ತೆರಡು ದಿನದ ಬಳಕೆ ಒಂದೇ ಬಿಲ್‌ಗೆ ಬೀಳುತ್ತದಲ್ಲ! ಹಿಂದಿನ ರೀಡಿಂಗ್ ಮತ್ತು ಈಗಿನ ರೀಡಿಂಗ್‌ನ ತಾರೀಕುಗಳನ್ನು ನೋಡಿ ದಿನ ಎಣಿಸಿದರೆ ಇದು ಗೊತ್ತಾಗುತ್ತದೆ.

2024ರ ಏಪ್ರಿಲ್‌ನಿಂದ ಮೆಟ್ಟಿಲೇ ಹೋಯಿತು. ಎಲ್ಲ ಯೂನಿಟ್‌ಗೂ 5.90. ಅದರ ಮರುವರ್ಷ 5.80. ಅದೇ ಹೊತ್ತಿಗೆ ಕಿಲೋವಾಟ್‌ನ ನಿಗದಿತ ಶುಲ್ಕ 2023ರಲ್ಲಿ 110 ಇದ್ದದ್ದು 120 ಆಗಿ, ಅಲ್ಲಿಂದ 145ಕ್ಕೆ ಏರಿತು. ಯೂನಿಟ್ ದರ ಇಳಿಯಿತು, ಸ್ಥಿರವಾಗಿ ಕೊಡಬೇಕಾದ ಹಣ ಏರಿತು.

ಸೋಲಾರ್ ಹಾಕಿಸುವವರ ಕಣ್ಣಿನಿಂದ ಇದನ್ನು ನೋಡಿ. ತಾರಸಿಯಲ್ಲಿ ಒಂದು ಯೂನಿಟ್ ಹುಟ್ಟಿದಾಗ ಬಿಲ್‌ನಿಂದ ಕಳಚಿಕೊಳ್ಳುವುದು ನಾವು ಬಳಸಿದ ಕೊನೆಯ ಯೂನಿಟ್, ಅಂದರೆ ಅತಿ ದುಬಾರಿ ಮೆಟ್ಟಿಲಿನದು. 2022ರಲ್ಲಿ 300 ಯೂನಿಟ್ ಬಳಸುತ್ತಿದ್ದ ಮನೆಗೆ ಸೋಲಾರ್ ಉಳಿಸಿಕೊಟ್ಟ ಮೊದಲ ನೂರು ಯೂನಿಟ್ ತಲಾ 8.20ರದ್ದು, ಮುಂದಿನ ನೂರು 7.15ರದ್ದು. 2025-26ರ ದರದಲ್ಲಿ ಎಲ್ಲವೂ 5.80ರದ್ದು. ಬಿಸಿಲು ಅಷ್ಟೇ ಇದ್ದರೂ ಹಣ ಹಿಂದಿರುಗುವ ಅವಧಿ ಉದ್ದವಾಗಿದೆ.

ಗಡಿಯಾಚೆ ಇರುವ ಕನ್ನಡಿಗರಿಗೆ ಈ ಲೆಕ್ಕ ಬೇರೆ. ಕಾಸರಗೋಡಿನ ಮನೆಗಳಿಗೆ ಅನ್ವಯವಾಗುವುದು ಕೇರಳದ ದರ. ಅಲ್ಲಿ ತಿಂಗಳಿಗೆ 250 ಯೂನಿಟ್‌ವರೆಗೆ ಮೆಟ್ಟಿಲಿನಂತೆ ದರ. ಅದು ದಾಟಿದರೆ ಎಲ್ಲ ಯೂನಿಟ್‌ಗೂ ಮೇಲಿನ ದರ. ಅಲ್ಲಿ 260 ಯೂನಿಟ್ ಬಳಸುವವರಿಗೆ ಹತ್ತು ಹನ್ನೆರಡು ಯೂನಿಟ್ ಇಳಿಸುವುದೇ ದೊಡ್ಡ ಉಳಿತಾಯ. ಆದ್ದರಿಂದ ಬೇರೆ ರಾಜ್ಯದ ಅಥವಾ ಹಳೆಯ ವರ್ಷದ ಲೆಕ್ಕವನ್ನು ನಮ್ಮ ಮನೆಗೆ ತಂದು ಹೊಂದಿಸಬಾರದು.

ಗೃಹಜ್ಯೋತಿಯ ಗಡಿ

ನಮ್ಮಲ್ಲಿ ದರದ ಮೆಟ್ಟಿಲು ಹೋದರೂ ಇನ್ನೊಂದು ದೊಡ್ಡ ಗಡಿ ಉಳಿದಿದೆ. 2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿಯಲ್ಲಿ, 2022-23ರ ಸರಾಸರಿ ಬಳಕೆಗೆ ಸಾಮಾನ್ಯವಾಗಿ ಶೇ. 10 ಸೇರಿಸಿ ಮನೆಗಳಿಗೆ ಉಚಿತ ಯೂನಿಟ್‌ಗಳ ಮಿತಿ ಗೊತ್ತುಪಡಿಸಿದ್ದಾರೆ. ಆ ವರ್ಷ ಸರಾಸರಿ 150 ಬಳಸಿದ ಮನೆಗೆ 165 ಉಚಿತ. ಅದಕ್ಕಿಂತ ಹೆಚ್ಚು, ಆದರೆ 200ರ ಒಳಗೆ ಬಳಸಿದರೆ ಹೆಚ್ಚುವರಿಯ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಬಿಲ್ ಪೂರ್ತಿ ನಮ್ಮದೇ. ನಮ್ಮ 3 ಕಿಲೋವಾಟ್ ಮನೆಯಲ್ಲಿ 201 ಯೂನಿಟ್ ಆದರೆ ಮೇಲಿನ ಸೂತ್ರದ ಪ್ರಕಾರ 1,778 ರೂಪಾಯಿ.

ಹಾಗಾಗಿ ಎರಡು ಮಾತು. ತಿಂಗಳು ತಿಂಗಳೂ ಸೊನ್ನೆ ಬಿಲ್ ಬರುವ ಮನೆಯಲ್ಲಿ ಸೋಲಾರ್ ಉಳಿಸಿಕೊಡಬಲ್ಲ ಹಣವೇ ಇಲ್ಲ. ಅಲ್ಲಿ ಹಾಕಿದ ಬಂಡವಾಳ ಉಳಿತಾಯದಿಂದ ಹಿಂದಿರುಗುವುದಿಲ್ಲ. ಇನ್ನು 210, 220ರಲ್ಲಿ ಓಡುವ ಮನೆಗಳು ಮೊದಲು ಮಾಡಬೇಕಾದದ್ದು ಹಳೆಯ ಫ್ಯಾನ್, ಗೀಸರ್ ಬಳಕೆ, ಸೋರುವ ಫ್ರಿಜ್ ಬಾಗಿಲುಗಳತ್ತ ನೋಡುವುದು. ಇಪ್ಪತ್ತು ಯೂನಿಟ್ ಇಳಿಸಲು ಲಕ್ಷ ರೂಪಾಯಿ ಬೇಕಿಲ್ಲ. ಸೋಲಾರ್‌ನ ಮಾತು ಬರುವುದು 250, 300, ಅದಕ್ಕೂ ಮೇಲೆ ಬಳಸಿ ಪೂರ್ತಿ ಬಿಲ್ ಕಟ್ಟುತ್ತಿರುವ ಮನೆಗಳಿಗೆ.

ನೆಟ್ ಮೀಟರ್ ಏನು ಎಣಿಸುತ್ತದೆ?

ಕರ್ನಾಟಕದ ಬಿಸಿಲಿನಲ್ಲಿ ನೆರಳಿಲ್ಲದ ತಾರಸಿಯ ಮೇಲಿನ 1 ಕಿಲೋವಾಟ್ ಫಲಕಗಳಿಂದ ವರ್ಷಕ್ಕೆ ಸುಮಾರು 1,400 ಯೂನಿಟ್ ಹಿಡಿಯಬಹುದು. ದಿನಕ್ಕೆ ನಾಲ್ಕಕ್ಕೆ ತುಸು ಕಡಿಮೆ. ಬಯಲುಸೀಮೆಯಲ್ಲಿ 3 ಕಿಲೋವಾಟ್ ಘಟಕ ಬೇಸಿಗೆಯ ತಿಂಗಳಲ್ಲಿ 400ರ ಆಸುಪಾಸು ಕೊಟ್ಟು ಮಳೆಗಾಲದಲ್ಲಿ ಮುನ್ನೂರಕ್ಕಿಂತ ಕೆಳಗಿಳಿಯುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದ ಇಳಿತ ಇನ್ನೂ ಹೆಚ್ಚು. ಒಂದು ಕಿಲೋವಾಟ್‌ಗೆ ನೂರು ಚದರ ಅಡಿಯಷ್ಟು ಜಾಗ ಬೇಕು. ದಕ್ಷಿಣಕ್ಕೆ ಮುಖ ಮಾಡಿ ಸ್ವಲ್ಪ ಓರೆಯಾಗಿ ಕೂರಿಸುತ್ತಾರೆ.

ಹಗಲು ಹುಟ್ಟಿದ ಕರೆಂಟ್ ಮೊದಲು ಮನೆಯೊಳಗೇ ಬಳಕೆಯಾಗುತ್ತದೆ. ಉಳಿದದ್ದು ನೆಟ್ ಮೀಟರ್ ಮೂಲಕ ಬೀದಿಯ ತಂತಿಗೆ ಹೋಗುತ್ತದೆ. ರಾತ್ರಿ ಬೀದಿಯಿಂದ ಮನೆಗೆ ಬರುತ್ತದೆ. ಮೀಟರ್ ಹೋದದ್ದನ್ನೂ ಬಂದದ್ದನ್ನೂ ಬೇರೆ ಬೇರೆ ಎಣಿಸುತ್ತದೆ. ತಿಂಗಳ ಕೊನೆಗೆ ಬಂದದ್ದರಲ್ಲಿ ಹೋದದ್ದನ್ನು ಕಳೆದು ಬಿಲ್.

ನಮ್ಮ ತುಮಕೂರಿನ ಮನೆ 3 ಕಿಲೋವಾಟ್ ಹಾಕಿಸಿದೆ ಎಂದುಕೊಳ್ಳಿ. ಒಂದು ತಿಂಗಳಲ್ಲಿ 350 ಯೂನಿಟ್ ಹುಟ್ಟಿತು. ಅದರಲ್ಲಿ 120 ಹಗಲೇ ಮನೆಯಲ್ಲಿ ಖರ್ಚಾಯಿತು, 230 ಹೊರಗೆ ಹೋಯಿತು. ರಾತ್ರಿ ಹೊರಗಿನಿಂದ 180 ಬಂತು. ಮನೆಯ ಒಟ್ಟು ಬಳಕೆ 120 ಮತ್ತು 180 ಸೇರಿ 300. ಬಿಲ್‌ನಲ್ಲಿ ಕಾಣುವುದು 180 ಒಳಗೆ, 230 ಹೊರಗೆ, 50 ಹೆಚ್ಚುವರಿ ಎಂದು. ಹಗಲೇ ಖರ್ಚಾದ ಆ 120 ಯೂನಿಟ್ ಬೆಸ್ಕಾಂ ಮೀಟರ್‌ಗೆ ಗೊತ್ತೇ ಇರುವುದಿಲ್ಲ. ‘350 ಉತ್ಪಾದನೆ ಆಗಿದೆ ಅಂತ ಇನ್ವರ್ಟರ್ ತೋರಿಸ್ತಿದೆ, ಬಿಲ್‌ನಲ್ಲಿ 230 ಮಾತ್ರ ಹಾಕಿದ್ದಾರೆ’ ಎಂಬ ಗಾಬರಿಗೆ ಇದೇ ಕಾರಣ. ಇದು ಮೋಸವಲ್ಲ. ಇನ್ವರ್ಟರ್ ತೋರಿಸುವುದು ಹುಟ್ಟಿದ್ದನ್ನು. ಮೀಟರ್ ತೋರಿಸುವುದು ಹೊಸ್ತಿಲು ದಾಟಿದ್ದನ್ನು.

ಆ 50 ಹೆಚ್ಚುವರಿ ಯೂನಿಟ್‌ಗೆ ಬೆಸ್ಕಾಂ ಹಣ ಕೊಡುತ್ತದೆ, ಆದರೆ ನಾವು ಕೊಳ್ಳುವ ಬೆಲೆಗೆ ಅಲ್ಲ. ಕೇಂದ್ರದ ಸಬ್ಸಿಡಿ ಪಡೆದ ಸಣ್ಣ ಮನೆ ಘಟಕಗಳಿಗೆ ಯೂನಿಟ್‌ನ ಬೆಲೆ ಮೂರು ರೂಪಾಯಿಯ ಒಳಗೇ. ನಾನು ಇಲ್ಲಿ ಎರಡೂವರೆ ರೂಪಾಯಿ ಹಿಡಿಯುತ್ತೇನೆ. ನಿಮ್ಮ ಒಪ್ಪಂದದಲ್ಲಿರುವ ದರವನ್ನು ನೀವು ಹಾಕಿಕೊಳ್ಳಿ. 50 ಯೂನಿಟ್‌ಗೆ 125 ರೂಪಾಯಿ. ನಿಗದಿತ ಶುಲ್ಕ 435ರಲ್ಲಿ ಇದನ್ನು ಕಳೆದರೆ ಕಟ್ಟಬೇಕಾದ ಬಿಲ್ 310 ರೂಪಾಯಿ. ಬಳಕೆಗಿಂತ ಹೆಚ್ಚು ಉತ್ಪಾದಿಸಿಯೂ ಬಿಲ್ ಸೊನ್ನೆ ಆಗಲಿಲ್ಲ.

ಮನೆಯಲ್ಲಿ ಬಳಕೆಯಾಗುವ ಯೂನಿಟ್ 6.68 ರೂಪಾಯಿ ಉಳಿಸುತ್ತದೆ, ಮಿಕ್ಕ ಯೂನಿಟ್ 2.50 ತರುತ್ತದೆ. ಎಷ್ಟು ದೊಡ್ಡ ಘಟಕ ಹಾಕಿಸಬೇಕು ಎಂಬ ಪ್ರಶ್ನೆಗೆ ಉತ್ತರ ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿದೆ.

ಎರಡೋ, ಮೂರೋ, ಐದೋ?

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ ಸಬ್ಸಿಡಿ. ಒಟ್ಟು 78,000. ಮೂರಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ಹಣ ಮೊದಲು ನಾವೇ ಕೊಡಬೇಕು. ಘಟಕ ಚಾಲೂ ಆದ ಮೇಲೆ ಸಬ್ಸಿಡಿ ಬ್ಯಾಂಕ್ ಖಾತೆಗೆ ಬರುತ್ತದೆ. ಫಲಕಗಳು ನಮ್ಮ ದೇಶದಲ್ಲಿ ತಯಾರಾದ ಕೋಶಗಳವೇ ಆಗಿರಬೇಕು ಎಂಬುದು ಷರತ್ತು.

ಘಟಕದ ಬೆಲೆ ಊರು, ಕಂಪನಿ, ಕಬ್ಬಿಣದ ಸ್ಟ್ಯಾಂಡ್‌ನ ಎತ್ತರಕ್ಕೆ ತಕ್ಕಂತೆ ಬದಲಾಗುತ್ತದೆ. ಲೆಕ್ಕಕ್ಕಾಗಿ 2 ಕಿಲೋವಾಟ್‌ಗೆ 1.40 ಲಕ್ಷ, 3ಕ್ಕೆ 1.95 ಲಕ್ಷ, 5ಕ್ಕೆ 3.10 ಲಕ್ಷ ಎಂದು ಹಿಡಿಯೋಣ. ಹಣ ಹಿಂದಿರುಗುವ ವರ್ಷಗಳ ಸೂತ್ರ ಸರಳ. ಬೆಲೆ `B10`, ಸಬ್ಸಿಡಿ `B11`, ಮನೆಯ ಬಿಲ್‌ನಿಂದ ಕಳೆಯುವ ವಾರ್ಷಿಕ ಯೂನಿಟ್ `B12`, ಅದರ ಬೆಲೆ `B13`, ಹೆಚ್ಚುವರಿ ಯೂನಿಟ್ `B14`, ಅದರ ಬೆಲೆ `B15`, ವರ್ಷದ ಖರ್ಚು `B16`:

```
=(B10-B11)/(B12*B13 + B14*B15 - B16)
```

ಮೊದಲು ವರ್ಷದ ಖರ್ಚನ್ನು ಬದಿಗಿಟ್ಟು ನೋಡೋಣ. 2 ಕಿಲೋವಾಟ್ ಘಟಕ ವರ್ಷಕ್ಕೆ 2,800 ಯೂನಿಟ್ ಕೊಡುತ್ತದೆ. ಮನೆಯ ಬಳಕೆ 3,600. ಆದ್ದರಿಂದ ಎಲ್ಲವೂ ಮನೆಗೇ ಆಯಿತು. ಉಳಿತಾಯ 18,704 ರೂಪಾಯಿ. ಕೈಯಿಂದ ಹಾಕಿದ್ದು 80,000. ನಾಲ್ಕು ವರ್ಷ ಮೂರು ತಿಂಗಳಿಗೆ ಹಿಂದಿರುಗುತ್ತದೆ.

3 ಕಿಲೋವಾಟ್ 4,200 ಯೂನಿಟ್ ಕೊಡುತ್ತದೆ. ಬೇಸಿಗೆಯಲ್ಲಿ ಮಿಕ್ಕಿ, ಮಳೆಗಾಲದಲ್ಲಿ ಸಾಲದೆ, ಸುಮಾರು 3,500 ಮನೆಗೆ, 700 ಹೊರಗೆ ಎಂದುಕೊಳ್ಳೋಣ. 23,380 ಮತ್ತು 1,750 ಸೇರಿ 25,130 ರೂಪಾಯಿ. ಹಾಕಿದ್ದು 1.17 ಲಕ್ಷ. ನಾಲ್ಕು ವರ್ಷ ಎಂಟು ತಿಂಗಳು. ಪರವಾಗಿಲ್ಲ.

5 ಕಿಲೋವಾಟ್‌ನಲ್ಲಿ ಕಥೆ ತಿರುಗುತ್ತದೆ. 7,000 ಯೂನಿಟ್ ಹುಟ್ಟುತ್ತದೆ, ಮನೆಗೆ ಬೇಕಿರುವುದು 3,600 ಮಾತ್ರ. ಅದರಿಂದ 24,048 ರೂಪಾಯಿ, ಮಿಕ್ಕ 3,400 ಯೂನಿಟ್‌ನಿಂದ 8,500, ಒಟ್ಟು 32,548. ಆದರೆ ಈ ಮನೆಯ ಮಂಜೂರಾದ ಲೋಡ್ 3 ಕಿಲೋವಾಟ್. 2024ರಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ 10 ಕಿಲೋವಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಕಿಲ್ಲ. ಅಗತ್ಯವಿದ್ದಲ್ಲಿ ಲೋಡ್ ಹೆಚ್ಚಿಸಿಯೇ ಒಪ್ಪಿಗೆ ಕೊಡುತ್ತಾರೆ. ಲೋಡ್ 3ರಿಂದ 5ಕ್ಕೆ ಏರಿದರೆ ನಿಗದಿತ ಶುಲ್ಕ ತಿಂಗಳಿಗೆ 290, ವರ್ಷಕ್ಕೆ 3,480 ರೂಪಾಯಿ ಹೆಚ್ಚು. ಉಳಿದದ್ದು 29,068. ಸಬ್ಸಿಡಿ ಕಳೆದು ಹಾಕಿದ್ದು 2.32 ಲಕ್ಷ. ಹಿಂದಿರುಗಲು ಎಂಟು ವರ್ಷ.

ಎಂಟು ವರ್ಷವೂ ಕೆಟ್ಟದ್ದಲ್ಲವಲ್ಲ ಎನಿಸಬಹುದು. ಆದರೆ 3ರ ಬದಲು 5 ಹಾಕಿಸಿದ್ದರಿಂದ ಏನು ಸಿಕ್ಕಿತು ಎಂದು ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು. ಹೆಚ್ಚಿಗೆ ಹಾಕಿದ್ದು 1.15 ಲಕ್ಷ. ಹೆಚ್ಚಿಗೆ ಸಿಕ್ಕಿದ್ದು ವರ್ಷಕ್ಕೆ 3,938 ರೂಪಾಯಿ. ಆ ಎರಡು ಕಿಲೋವಾಟ್‌ಗೆ ಹಾಕಿದ ದುಡ್ಡು ಹಿಂದಿರುಗಲು 29 ವರ್ಷ ಬೇಕು. ಫಲಕಗಳ ಗ್ಯಾರಂಟಿ ಸಾಮಾನ್ಯವಾಗಿ 25 ವರ್ಷ. ಮೊದಲ ಮೂರು ಕಿಲೋವಾಟ್‌ನ ಒಳ್ಳೆಯ ಲೆಕ್ಕ, ಕೊನೆಯ ಎರಡರ ನಷ್ಟವನ್ನು ಸರಾಸರಿಯಲ್ಲಿ ಮುಚ್ಚಿಟ್ಟಿತ್ತು. ಮುಂದೆ ಎ.ಸಿ. ಹಾಕಿಸುವುದೋ ಎಲೆಕ್ಟ್ರಿಕ್ ಸ್ಕೂಟರ್, ಕಾರು ಕೊಳ್ಳುವುದೋ ಖಚಿತವಾಗಿದ್ದರೆ ಆ ಬಳಕೆಯನ್ನು ಸೇರಿಸಿ ಲೆಕ್ಕ ಹಾಕಿ. ಮಿಕ್ಕ ಯೂನಿಟ್‌ಗಳು 2.50ರಿಂದ 6.68ಕ್ಕೆ ಏರುತ್ತವೆ, ಫಲಿತಾಂಶ ಬದಲಾಗುತ್ತದೆ.

ಈಗ ಬದಿಗಿಟ್ಟಿದ್ದ ಖರ್ಚನ್ನು ತರೋಣ. ಇನ್ವರ್ಟರ್‌ಗೆ ಫಲಕಗಳಷ್ಟು ಆಯಸ್ಸಿಲ್ಲ. 25 ವರ್ಷದೊಳಗೆ ಒಮ್ಮೆಯಾದರೂ ಬದಲಿಸಬೇಕಾದೀತು. ಅದಕ್ಕೂ ತೊಳೆಯುವ, ನೋಡಿಕೊಳ್ಳುವ ಖರ್ಚಿಗೂ ಸೇರಿ ವರ್ಷಕ್ಕೆ 3,000 ರೂಪಾಯಿ ತೆಗೆದಿಟ್ಟರೆ 3 ಕಿಲೋವಾಟ್ ಘಟಕದ ನಿಜವಾದ ಉಳಿತಾಯ 22,130. ಹಿಂದಿರುಗುವ ಅವಧಿ ಐದು ವರ್ಷ ಮೂರೂವರೆ ತಿಂಗಳು. ಶೇ. 7ರ ಬಡ್ಡಿಗೆ ಸಾಲ ತಂದು, ಉಳಿದದ್ದನ್ನೆಲ್ಲ ಸಾಲಕ್ಕೇ ಕಟ್ಟಿದರೆ ತೀರಲು ಸುಮಾರು ಏಳು ವರ್ಷ. ಮಾರಾಟಗಾರರು ಹೇಳಿದ ನಾಲ್ಕು ವರ್ಷಕ್ಕೂ ಇದಕ್ಕೂ ಇರುವ ವ್ಯತ್ಯಾಸ, ನಿಗದಿತ ಶುಲ್ಕ, ಹೆಚ್ಚುವರಿ ಯೂನಿಟ್‌ನ ಕಡಿಮೆ ಬೆಲೆ, ನಿರ್ವಹಣೆ ಮತ್ತು ಬಡ್ಡಿಯಿಂದ ಬಂದದ್ದು.

ಲೆಕ್ಕ ಎಲ್ಲಿ ಕೈಕೊಡುತ್ತದೆ?

ಕಾಗದದ ಮೇಲಿನ ಲೆಕ್ಕ ಹೆಚ್ಚಾಗಿ ಹಾಳಾಗುವುದು ನೆರಳಿನಿಂದ. ಸಿಂಟೆಕ್ಸ್ ಟ್ಯಾಂಕ್, ಪಕ್ಕದ ಮನೆಯ ಮೆಟ್ಟಿಲ ಕೋಣೆ, ತೆಂಗಿನ ಗರಿ, ಇವುಗಳ ನೆರಳು ಒಂದು ಫಲಕದ ಮೂಲೆಗೆ ಬಿದ್ದರೂ ಅದರ ಜೊತೆ ಸರಣಿಯಲ್ಲಿ ಜೋಡಿಸಿದ ಫಲಕಗಳ ಉತ್ಪಾದನೆಗೂ ಪೆಟ್ಟು ಬೀಳುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದವಾಗುವುದರಿಂದ, ಬೇಸಿಗೆಯಲ್ಲಿ ನೋಡಿ ಒಪ್ಪಿದ ಜಾಗ ಚಳಿಗಾಲದಲ್ಲಿ ಮೋಸ ಮಾಡಬಹುದು. ತೆರೆದ ಆಕಾಶದ ದಿನ 3 ಕಿಲೋವಾಟ್ ಘಟಕ ಸುಮಾರು 12 ಯೂನಿಟ್ ಕೊಡಬೇಕು. ಹೊಳೆವ ಬಿಸಿಲಿದ್ದೂ ದಿನವೂ ಎಂಟರ ಆಸುಪಾಸಿನಲ್ಲೇ ನಿಂತರೆ ನೆರಳು, ದೂಳು ಅಥವಾ ಜೋಡಣೆಯ ದೋಷ ಇದೆ ಎಂದೇ ಅರ್ಥ. ಇನ್ವರ್ಟರ್‌ನ ಆ್ಯಪ್‌ನಲ್ಲಿ ಆ ದಿನದ ಗೆರೆಯನ್ನು ನೋಡಿ. ಪ್ರತಿದಿನ ಒಂದೇ ಹೊತ್ತಿಗೆ ಗೆರೆ ಕುಸಿಯುತ್ತಿದ್ದರೆ ಅದು ನೆರಳು. ದಿನವಿಡೀ ತಗ್ಗಿದ್ದರೆ ಮೊದಲು ಫಲಕ ತೊಳೆದು ನೋಡಿ.

ಇನ್ನೊಂದು ವಿಷಯ ಕೊಂಡ ಮೇಲೆ ತಿಳಿದು ಬೇಸರಪಡುವವರು ಬಹಳ. ಬ್ಯಾಟರಿ ಇಲ್ಲದ ಈ ಬಗೆಯ ಘಟಕ, ಬೀದಿಯಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ನಡು ಮಧ್ಯಾಹ್ನ ಬಿಸಿಲಿದ್ದರೂ ಮನೆಯಲ್ಲಿ ಫ್ಯಾನ್ ತಿರುಗುವುದಿಲ್ಲ. ತಂತಿ ದುರಸ್ತಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ತಾರಸಿಯ ಕರೆಂಟ್ ಹೊಡೆಯಬಾರದೆಂದು ಇನ್ವರ್ಟರನ್ನು ಹಾಗೆಯೇ ಮಾಡಿರುತ್ತಾರೆ. ಹಗಲು ಹೆಚ್ಚು ಕರೆಂಟ್ ಹೋಗುವ ಊರುಗಳಲ್ಲಿ ಆ ಹೊತ್ತಿನ ಉತ್ಪಾದನೆಯೂ ನಷ್ಟ. ವರ್ಷದ 1,400 ಯೂನಿಟ್‌ನ ಅಂದಾಜನ್ನು ಅಲ್ಲಿ ತಗ್ಗಿಸಿಕೊಳ್ಳಬೇಕು.

ಕೊನೆಗೆ, ದರ ಮುಂದೆಯೂ ಬದಲಾಗುತ್ತದೆ. ‘ವಿದ್ಯುತ್ ದರ ಪ್ರತಿವರ್ಷ ಏರುತ್ತೆ, ನಿಮ್ಮ ಉಳಿತಾಯವೂ ಏರುತ್ತೆ’ ಎಂದು ಹೇಳುವ ಅಂದಾಜು ಪಟ್ಟಿಗಳನ್ನು ಪೂರ್ತಿ ನಂಬಬೇಡಿ. 2023ರಿಂದ 2025ರವರೆಗೆ ನಮ್ಮ ರಾಜ್ಯದಲ್ಲಿ ಹೆಚ್ಚು ಬಳಸುವ ಮನೆಗಳ ಯೂನಿಟ್ ದರ 7 ರೂಪಾಯಿಯಿಂದ 5.80ಕ್ಕೆ ಇಳಿದಿದೆ, ಸೋಲಾರ್ ಮುಟ್ಟಲಾಗದ ನಿಗದಿತ ಶುಲ್ಕ ಏರಿದೆ. ಮುಂದೆಯೂ ದರ ಇಷ್ಟೇ ಇರುತ್ತದೆ ಎಂದು ಹಿಡಿದು ಹಾಕಿದ ಲೆಕ್ಕದಲ್ಲಿ ಘಟಕ ಗೆದ್ದರೆ ಮಾತ್ರ ಅದು ಗಟ್ಟಿ.

ಸಹಿ ಹಾಕುವ ಮುನ್ನ ಹನ್ನೆರಡು ತಿಂಗಳ ಬಿಲ್‌ಗಳನ್ನು ಎದುರಿಗಿಟ್ಟುಕೊಂಡು ಯೂನಿಟ್‌ಗಳ ಸರಾಸರಿ ತೆಗೆಯಿರಿ. ನಿಮ್ಮ ಮಂಜೂರಾದ ಲೋಡ್ ಎಷ್ಟು, ಘಟಕ ಹಾಕಿಸಿದರೆ ಅದು ಏರುತ್ತದೆಯೇ, ಹೆಚ್ಚುವರಿ ಯೂನಿಟ್‌ಗೆ ಯಾವ ದರ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಬರಹದಲ್ಲೇ ಪಡೆಯಿರಿ. ತಿಂಗಳಿಗೆ ಮುನ್ನೂರು ಯೂನಿಟ್ ಬಳಸಿ ಪೂರ್ತಿ ಬಿಲ್ ಕಟ್ಟುವ ಮನೆಗೆ ಎರಡರಿಂದ ಮೂರು ಕಿಲೋವಾಟ್ ಇಂದಿನ ದರದಲ್ಲೂ ಒಳ್ಳೆಯ ಹೂಡಿಕೆ. ತಾರಸಿಯಲ್ಲಿ ಜಾಗವಿದೆ ಎಂಬ ಒಂದೇ ಕಾರಣಕ್ಕೆ ಐದು ಕಿಲೋವಾಟ್ ಹಾಕಿಸಬೇಡಿ. ಘಟಕದ ಗಾತ್ರವನ್ನು ಬಳಕೆ ನೋಡಿ ಗೊತ್ತುಮಾಡಿ.